ಅಕ್ಕ ಓದಿ ನೋಡಿದ ಕಾಗದ

"ನೀನು ಬಂದು ಒಂದು ಕಾಗದ ಓದಿ ಹೇಳು, ಅಷ್ಟೇ" ಎಂದು ತಂಗಿ ಫೋನ್ ಮಾಡಿದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಸಾಲದ ಅರ್ಜಿಗಳನ್ನು ಓದಿ ಓದಿ ಕಣ್ಣು ಹಾಳುಮಾಡಿಕೊಂಡಿದ್ದಕ್ಕೆ ಮನೆಯವರು ಒಮ್ಮೆಯಾದರೂ ಬೆಲೆ ಕೊಟ್ಟರಲ್ಲ ಎಂದುಕೊಂಡೆ. ನಾನಿರುವುದು ತಿರುವನಂತಪುರದ ಶ್ರೀಕಾರ್ಯಂನಲ್ಲಿ, ಅವಳಿರುವುದು ಕೊಚ್ಚಿಯ ಕಲೂರಿನಲ್ಲಿ. ಇಬ್ಬರೂ ಮೈಸೂರು ಬಿಟ್ಟು ಬಂದವರು. ಭಾನುವಾರ ಬೆಳಗಿನ ರೈಲು ಹತ್ತಿದೆ.

ತಂಗಿ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರು. ಸಂಬಳ ಕಡಿಮೆ, ದುಡಿತ ಕತ್ತೆಯಷ್ಟು. ಆದರೂ ಅದು ಅವಳ ಸ್ವಂತ ಸಂಬಳ. ಗಂಡನ ಮುಂದೆ ಅವಳು ತಲೆಯೆತ್ತಿ ಮಾತಾಡುತ್ತಿದ್ದುದು ಅದರ ಬಲದಿಂದಲೇ. ಈಗ ಪುಷ್ಟಿಪುಡಿ, ಮುಖಕ್ಕೆ ಹಚ್ಚುವ ಕ್ರೀಮು ಮಾರುವ ಸದಸ್ಯರ ಕೆಳಗೆ ಸದಸ್ಯರನ್ನು ಸೇರಿಸುತ್ತಾ ಹೋಗುವ ಒಂದು ನೆಟ್‌ವರ್ಕ್ ಕಂಪನಿಗೆ ಸೇರಿ, ಶಾಲೆ ಬಿಟ್ಟು ಪೂರ್ತಿ ಅದನ್ನೇ ಮಾಡಬೇಕೆಂದಿದ್ದಳು. ರಾಜೀನಾಮೆ ಬರೆದಿಟ್ಟಿದ್ದಾಳೆ ಎಂದು ಹೋದಮೇಲೆ ಗೊತ್ತಾಯಿತು. "ನೀನು ಸರಿ ಅಂದ್ರೆ ಕೊಡ್ತೀನಿ, ಇಲ್ಲಾಂದ್ರೆ ಹರಿದು ಹಾಕ್ತೀನಿ" ಎಂದಳು. ಮಾತು ಅಷ್ಟು ಸ್ಪಷ್ಟವಾಗಿತ್ತು.

ಅವಳನ್ನು ಸೇರಿಸಲು ಹೊರಟಿದ್ದ ಹೆಂಗಸು ಆಗಲೇ ಸೋಫಾದಲ್ಲಿ ಕೂತಿದ್ದರು. ಕನ್ನಡದವರ ಒಂದು ಹಬ್ಬದೂಟದಲ್ಲಿ ಪರಿಚಯವಂತೆ. ಅದೇ ಮೊದಲ ಎಡವಟ್ಟು. ಊರಲ್ಲಾದರೆ ಬಾಗಿಲಿಗೆ ಬಂದವರನ್ನು ತಂಗಿ ನೂರು ಪ್ರಶ್ನೆ ಕೇಳಿಯೇ ಒಳಗೆ ಬಿಡುವವಳು. ಇಲ್ಲಿ ದಿನವಿಡೀ ಮಲಯಾಳಂ ಕೇಳಿ ಕೇಳಿ, ಯಾರಾದರೂ "ಊಟ ಆಯ್ತಾ?" ಅಂದರೆ ಸಾಕು, ಬಾಗಿಲು ತೆರೆದುಬಿಡುತ್ತೇವೆ. ನಾನೂ ಅಷ್ಟೇ. ಆಕೆ "ಬನ್ನಿ ಅಕ್ಕ, ರೈಲಲ್ಲಿ ಕಾಫಿ ಸರಿಯಿರಲ್ಲ ಅಲ್ವ" ಎಂದಾಗ ನನಗೂ ಮನಸ್ಸು ತಣ್ಣಗಾಯಿತು.

ಕಾಗದ ಎಂದರೆ ಕಂಪನಿಯ ಆದಾಯ ವಿವರ. ಸೇರಿದವರು ಎಷ್ಟೆಷ್ಟು ಗಳಿಸಿದ್ದಾರೆ ಎಂದು ಕಂಪನಿಯೇ ಒಪ್ಪಿಕೊಂಡು ಅಚ್ಚುಹಾಕಿದ್ದು. ಎಲ್ಲ ಕಂಪನಿಗಳೂ ಇಂಥದ್ದನ್ನು ಕೊಡುವುದಿಲ್ಲ, ಆ ಮಟ್ಟಿಗೆ ಮೆಚ್ಚಬೇಕು. ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಕೂತೆ. ನಾನು ಓದುತ್ತಿರುವಾಗಲೇ ಆಕೆ ಸಂತೋಷದಿಂದ ಒಂದು ಫೋಟೋ ತೆಗೆದುಕೊಂಡರು. "ಹಿಂಗೆ ಕೂತು ಓದೋರು ಎಲ್ಲಿದಾರೆ ಅಕ್ಕ" ಎಂದರು. ನಾನು ನಕ್ಕೆ.

ಮೇಲುಗಡೆ ದಪ್ಪ ಅಕ್ಷರದಲ್ಲಿ ಸರಾಸರಿ ತಿಂಗಳ ಆದಾಯ. ತಂಗಿಯ ಸಂಬಳಕ್ಕಿಂತ ಹೆಚ್ಚೇ ಇತ್ತು. ಅವಳು ನೋಡಿದ್ದು ಅದೊಂದನ್ನೇ. ಕೆಳಗಿನ ಪಟ್ಟಿಯಲ್ಲಿ ಮೇಲಿನ ದರ್ಜೆಯ ಬೆರಳೆಣಿಕೆಯ ಜನ ಲಕ್ಷಗಟ್ಟಲೆ ಎಣಿಸುತ್ತಿದ್ದರು; ಕೊನೆಯ ದರ್ಜೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದ್ದರು, ಅವರ ಗಳಿಕೆ ಒಂದು ತಿಂಗಳ ಹಾಲಿನ ದುಡ್ಡಿಗೂ ಸಾಲದು. ಇನ್ನೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಮಾತು. ಆ ವರ್ಷ ಒಮ್ಮೆಯಾದರೂ ಕಮಿಷನ್ ಪಡೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದೆ. ಖರ್ಚು ಕಳೆದಿಲ್ಲ.

ನಾನು ತಂಗಿಗೆ ಬಿಡಿಸಿ ಹೇಳಿದೆ. "ನೋಡೆ, ನಿನ್ನ ಕ್ಲಾಸಲ್ಲಿ ಪರೀಕ್ಷೆಗೆ ಬರದೇ ಇದ್ದವರನ್ನೂ ಸೊನ್ನೆ ತಗೊಂಡವರನ್ನೂ ಬಿಟ್ಟು ಸರಾಸರಿ ತೆಗೀತೀಯ? ಇಬ್ಬರು ನೂರಕ್ಕೆ ನೂರು ತಗೊಂಡ್ರೆ ಸರಾಸರಿ ಮೇಲಕ್ಕೆ ಹೋಗುತ್ತೆ, ಅದಕ್ಕೆ ಕೊನೇ ಬೆಂಚಿನೋನು ಪಾಸಾಗ್ತಾನಾ? ಸಾಲಾಗಿ ನಿಲ್ಲಿಸಿ ಮಧ್ಯದಲ್ಲಿರೋನಿಗೆ ಎಷ್ಟು ಸಿಕ್ಕಿದೆ ಅಂತ ಕೇಳು. ಅದು ಇದರಲ್ಲಿ ಬರೆದೇ ಇಲ್ಲ."

ತಂಗಿ ತಲೆಯಾಡಿಸಿದಳು. ಲೆಕ್ಕದ ಟೀಚರು, ಅರ್ಥವಾಗದೆ ಏನು?

ಆಮೇಲೆ ಆಕೆಯನ್ನು ಕೇಳಿದೆ. "ಸೇರೋಕೆ ಫೀಸು ಇದೆಯಾ?"

"ಒಂದು ಪೈಸೇನೂ ಇಲ್ಲ ಅಕ್ಕ, ಕಾನೂನಲ್ಲೇ ಫೀಸು ತಗೊಳ್ಳೋ ಹಾಗಿಲ್ಲ" ಎಂದರು.

"ಪ್ರತಿ ತಿಂಗಳು ಸಾಮಾನು ತಗೋಬೇಕಾ?"

"ಕಡ್ಡಾಯ ಏನಿಲ್ಲ. ಕಮಿಷನ್ ಬರೋದಕ್ಕೆ ಆಕ್ಟಿವ್ ಆಗಿರ್ಬೇಕಲ್ಲ, ಅದಕ್ಕೆ ಅಷ್ಟೋ ಇಷ್ಟೋ ತಗೋತಿರ್ಬೇಕು."

"ಸೇರದೇ ಇರೋರು, ಬರೀ ಪುಡಿ ಬೇಕು ಅಂತ ಕೊಳ್ಳೋರು ನಿಮ್ಮ ಹತ್ರ ಎಷ್ಟು ಜನ?"

ಆಕೆ ಲೋಟ ಕೆಳಗಿಟ್ಟರು. "ಒಂದ್ಸಲ ಬಳಸಿದೋರು ಯಾರು ತಾನೆ ಸೇರದೇ ಇರ್ತಾರೆ ಹೇಳಿ" ಎಂದು ನಕ್ಕರು.

ಉತ್ತರ ಸಿಕ್ಕಿತು. ಹೊರಗಿನ ಗಿರಾಕಿ ಇಲ್ಲ. ಸೇರಿದವರೇ ಕೊಳ್ಳುವುದು, ಅವರು ಕೊಂಡ ದುಡ್ಡೇ ಮೇಲಿನವರಿಗೆ ಕಮಿಷನ್. ಹೊಸಬರು ಬರುವುದು ನಿಂತ ದಿನ ಎಲ್ಲವೂ ನಿಲ್ಲುತ್ತದೆ. ಅದನ್ನು ಅವರ ಎದುರಿಗೇ ಹೇಳಿದೆ, ನನಗೆ ಮುಲಾಜು ಕಡಿಮೆ. ಆಕೆಗೆ ಕೋಪ ಬರಲಿಲ್ಲ. "ಆ ಕೊನೇ ಸಾಲಿನೋರು ಕೆಲಸ ಮಾಡ್ದೇ ಇರೋರು ಅಕ್ಕ. ನಿಮ್ಮ ತಂಗಿ ಹಂಗಲ್ಲ" ಎಂದು ಅವಳ ಕೈ ಹಿಡಿದರು. ತಂಗಿಯ ಮುಖ ಅರಳಿತು. ಆ ಮನೆಯಲ್ಲಿ ಅವಳಿಗೆ ಅಂಥ ಮಾತು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹೊರಡುವಾಗ "ಬೇಡ ಕಣೆ. ಹರಿದು ಹಾಕು" ಎಂದೆ. "ಆಯ್ತಕ್ಕ" ಎಂದಳು. ನಾನು ನಂಬಿದೆ.

ಎರಡು ತಿಂಗಳಾದ ಮೇಲೆ ಅವಳು ಶಾಲೆ ಬಿಟ್ಟ ವಿಷಯ ಅವಳ ಗಂಡನ ಬಾಯಿಂದ ತಿಳಿಯಿತು. ಅವಳೊಂದಿಗೆ ಫೋನಿನಲ್ಲಿ ಜಗಳವಾಡಿದೆ, ಬೈದೆ, ಕೊನೆಗೆ ಅತ್ತುಬಿಟ್ಟೆ. ಶಾಲೆಯವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಪಕ್ಕದ ಮನೆಯ ಮಲಯಾಳಿ ಹೆಂಗಸು ಮುಲಾಜಿಗೆ ಒಂದು ಡಬ್ಬಿ ಕೊಂಡು, ಈಗ ಲಿಫ್ಟಿನಲ್ಲಿ ಇವಳನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ ಎಂದು ತಂಗಿಯ ಗಂಡ ಹೇಳಿದರು. ಅವರ ದನಿಯಲ್ಲಿ ಗೆದ್ದ ಖುಷಿಯಿತ್ತು. ಅದಕ್ಕೂ ನನಗೆ ಉರಿಯಿತು.

ಹೋದ ವಾರ ಶ್ರೀಕಾರ್ಯಂನಲ್ಲೇ ಇರುವ ಒಬ್ಬ ಕನ್ನಡದ ಹೆಂಗಸು ನನ್ನ ಬ್ರಾಂಚಿಗೆ ಬಂದರು. ಗಂಡ ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾರಂತೆ, ದಾವಣಗೆರೆ ಕಡೆಯವರು. ಕೌಂಟರಿನ ಮುಂದೆ ನಿಂತು, "ಮೇಡಂ, ನಿಮ್ಮನ್ನ ನೋಡಿದ ತಕ್ಷಣ ಗುರುತು ಸಿಕ್ತು" ಎಂದು ಫೋನಿನಲ್ಲಿ, ಕಂಪನಿಗೆ ಸೇರಿದವರ ಗ್ರೂಪಿಗೆ ಹಾಕಿದ್ದ ಒಂದು ಫೋಟೋ ತೋರಿಸಿದರು. ಕಲೂರಿನ ಸೋಫಾ, ಕನ್ನಡಕ, ಪೆನ್ಸಿಲು, ಬಗ್ಗಿ ಓದುತ್ತಿರುವ ನಾನು. ಕೆಳಗೆ ತಂಗಿ ಬರೆದಿದ್ದಳು: ನನ್ನ ಅಕ್ಕ ಬ್ಯಾಂಕ್ ಆಫೀಸರ್. ಆದಾಯ ವಿವರ ಪೂರ್ತಿ ಓದಿ ನೋಡಿದ್ದಾರೆ.

"ನೀವು ಓದಿದೀರಲ್ಲ ಅಂತ ನಾನು ಓದ್ಲಿಲ್ಲ" ಎಂದರು ಆಕೆ. "ಇಷ್ಟು ತಿಂಗಳಾದ್ರೂ ಏನೂ ಬರ್ತಿಲ್ಲ. ಸ್ವಲ್ಪ ಕಾಯ್ಬೇಕಾ ಮೇಡಂ?"

ನಾನು ಕಾಯಬೇಡಿ ಎಂದೆ. ಬಿಚ್ಚದ ಡಬ್ಬಿಗಳನ್ನು ವಾಪಸ್ ತೆಗೆದುಕೊಳ್ಳುವ ಷರತ್ತು ಇರುತ್ತದೆ, ಗಡುವು ನೋಡಿ ಇವತ್ತೇ ಬರೆದು ಕಳಿಸಿ ಎಂದೆ.

"ಎಲ್ಲ ಬಿಚ್ಚಿದೀನಿ. ಮನೇಲಿ ನಾವೇ ಕುಡೀತಿದೀವಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಾನೊಬ್ಬಳೇ ಆಗಿದ್ರೆ ಬಿಟ್ಬಿಡ್ತಿದ್ದೆ. ನನ್ನ ತಂಗೀನೂ ಸೇರ್ಸಿದೀನಿ. ನಿಮ್ಮ ಫೋಟೋ ತೋರ್ಸೇ ಸೇರ್ಸಿದ್ದು" ಎಂದರು.

ಸಂಜೆ ತಂಗಿಗೆ ಫೋನ್ ಮಾಡಿದೆ. ಆ ಫೋಟೋ ತೆಗಿ ಎಂದೆ.

"ಸುಳ್ಳೇನೂ ಹಾಕಿಲ್ವಲ್ಲ ಅಕ್ಕ. ನೀನು ಓದಿದ್ದು ನಿಜ ತಾನೆ."

"ಓದಿ ಏನಂದೆ ಅಂತ ಹಾಕ್ಬೇಕಿತ್ತು."

"ಅದನ್ನ ಯಾರೂ ಕೇಳಲ್ಲ" ಎಂದಳು ತಂಗಿ. ಅವಳ ದನಿಯಲ್ಲಿ ಹಟವೂ ಇರಲಿಲ್ಲ, ಆಸೆಯೂ ಇರಲಿಲ್ಲ. "ತೆಗೆದ್ರೆ ನನ್ನ ಕೆಳಗೆ ಇರೋ ನಾಲ್ಕು ಜನಾನೂ ಹೋಗ್ತಾರೆ. ಶಾಲೇನೂ ಇಲ್ಲ. ಆಮೇಲೆ ನಾನೇನು ಮಾಡ್ಲಿ, ಹೇಳು."

ಫೋಟೋ ಇನ್ನೂ ಹಾಗೇ ಇದೆ. ದೊಡ್ಡದು ಮಾಡಿ ನೋಡಿದರೆ ನನ್ನ ಪೆನ್ಸಿಲಿನ ಮೊನೆ ಕಾಗದದ ಕೊನೆಯ ಇರುವೆ ಅಕ್ಷರದ ಸಾಲಿನ ಮೇಲಿರುವುದು ಕಾಣುತ್ತದೆ.