ನಿಲ್ಲದ ಪೈಪಿನ ತುಂಡು

ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇತ್ತು. ಕುಡಿಯುವ ನೀರಿನ ಫಿಲ್ಟರ್ ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಗಂಡನ ಕೆಲಸ. ಬಂದ ಗಿರಾಕಿಗಳ ಮುಂದೆ ಬಿಳಿ ಪೈಪನ್ನು ಬ್ಲೇಡಿನಿಂದ ಕೊಯ್ದು, ತುಂಡನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ ತೋರಿಸುವುದು ಅವರ ಚಟ. ತುಂಡು ನಿಂತರೆ ಕೊಯ್ತ ಸರಿ, ವಾಲಿದರೆ ಓರೆ. ಅವರದು ಯಾವಾಗಲೂ ನಿಲ್ಲುತ್ತಿತ್ತು. ಪೈಪು ಕತ್ತರಿಸಲೆಂದೇ ಬರುವ ಕಟರನ್ನು ನಾನು ತಂದುಕೊಟ್ಟರೆ ಮೊಳೆಗೆ ನೇತುಹಾಕಿದರು. ಅದು ಕೈ ಕುದುರದವರಿಗಂತೆ.

ನಾನು ಎಪ್ಪತ್ತರ ದಶಕದಲ್ಲಿ ಹೊನವಾಡದಲ್ಲಿ ಹುಟ್ಟಿದವಳು. ಬಾವಿ ನೀರಿಗೆ ಹಳೇ ಸೀರೆಯ ಅರಿವೆ ಕಟ್ಟಿ ಸೋಸಿದರೆ ಅದೇ ನಮ್ಮ ಫಿಲ್ಟರ್. ಈ ಕೆಲಸವನ್ನೆಲ್ಲ ಅಂಗಡಿಯಲ್ಲಿ ಕೂತು, ಗಂಡನ ಬಾಯಿಂದ ಕೇಳಿ ಕೇಳಿ ಕಲಿತೆ.

ಅವರ ಬಲಗೈ ನಡುಗತೊಡಗಿತು. ಡಾಕ್ಟರು ಗುಳಿಗೆ ಕೊಟ್ಟರು, ಪೂರ್ತಿ ವಾಸಿಯಾಗುವುದಿಲ್ಲ ಎಂದೂ ಹೇಳಿದರು. ನಾವಿಬ್ಬರೂ ಆ ಮಾತನ್ನು ಮನೆಗೆ ತರಲಿಲ್ಲ. ಕೆಲಸ ಬಿಟ್ಟು ಕೂತ ಅವರನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ತಿಕೋಟಾದಿಂದ ಫೋನು ಬರತೊಡಗಿತು. ಅಲ್ಲೊಬ್ಬ ಟೀಚರ್ ಮನೆಯಲ್ಲಿ ಸಿಂಕಿನ ಕೆಳಗೆ ಇವರೇ ಕೂಡಿಸಿದ ಫಿಲ್ಟರ್ ಸೋರುತ್ತಿತ್ತು, ಕಪಾಟಿನ ಹಲಗೆ ಉಬ್ಬಿತ್ತು. ಇವರು ಹೋಗಿ ಬಂದರು, ಮತ್ತೆ ಸೋರಿತು. ರಬ್ಬರ್ ರಿಂಗ್ ಬದಲಿಸಿ ಬಂದರು, ಮತ್ತೂ ಸೋರಿತು.

"ಅವರ ಮನ್ಯಾಗ ನೀರಿನ ಪ್ರೆಶರ್ ಭಾಳ ಐತಿ," ಎಂದರು.

"ಅವರ ನೀರಿನ ಟಾಕಿ ಮಾಳಿಗಿ ಮ್ಯಾಲ ಐತ್ರಿ, ಮುಗಿಲಾಗ ಅಲ್ಲ," ಎಂದೆ ನಾನು.

ಅವರು ಹೊಸ ರಿಂಗುಗಳನ್ನು ಚೀಲಕ್ಕೆ ತುಂಬಿಕೊಂಡರು. ಆವತ್ತು ಅವರ ಜೊತೆ ನಾನೂ ಬಸ್ ಹತ್ತಿದೆ. ಮೊಳೆಯಲ್ಲಿದ್ದ ಕಟರನ್ನು ನನ್ನ ಚೀಲಕ್ಕೆ ಹಾಕಿಕೊಂಡದ್ದನ್ನು ಹೇಳಲಿಲ್ಲ.

ಟೀಚರು ನಮ್ಮನ್ನು ಅಡುಗೆಮನೆಗೆ ಬಿಟ್ಟು, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರು. ನಾನು ಟಾರ್ಚ್ ಹಿಡಿದೆ. ಫಿಲ್ಟರಿನ ಪಂಪ್ ಶುರು ಮಾಡಿದರೆ ಪಂಪಿನಿಂದಾಚೆಯ ಮೊದಲ ಜೋಡಣೆಯಲ್ಲೇ ನೀರು ಜಿನುಗಿತು. ಪಂಪ್ ಬಂದ್ ಮಾಡಿದರೆ ಮೆಲ್ಲಗೆ ನಿಂತಿತು. ನಳ ಮುಚ್ಚಿ, ಒತ್ತಡ ಇಳಿಸಿ, ಪೈಪು ಸಿಕ್ಕಿಸುವ ಫಿಟ್ಟಿಂಗಿನ ಬಾಯಿಯ ಪ್ಲಾಸ್ಟಿಕ್ ಉಂಗುರ ಒಳಗೊತ್ತಿ ಅವರು ಪೈಪು ಎಳೆದರು. ಅಷ್ಟಕ್ಕೇ ಬೆವರಿದ್ದರು.

ತುದಿ ಓರೆಯಾಗಿತ್ತು. ಫಿಟ್ಟಿಂಗಿನೊಳಗೆ ಮೊದಲು ಪೈಪನ್ನು ಕಚ್ಚಿ ಹಿಡಿಯುವ ಹಲ್ಲುಗಳು, ಅವುಗಳ ಹಿಂದೆ ರಬ್ಬರ್ ರಿಂಗ್. ಪೈಪು ಹಲ್ಲಿಗೆ ಸಿಕ್ಕರೆ ಎಳೆದರೂ ಬರುವುದಿಲ್ಲ, ಕೂತಿದೆ ಎಂದೇ ಅನ್ನಿಸುತ್ತದೆ. ಆದರೆ ತುದಿ ರಿಂಗನ್ನು ಸುತ್ತಲೂ ದಾಟಿ ತಳ ಮುಟ್ಟಬೇಕು. ಓರೆ ತುದಿಯ ಒಂದು ಮಗ್ಗಲು ರಿಂಗಿನ ಈಚೆಗೇ ಉಳಿದಿತ್ತು. ಚೂಪಾದ ಮಗ್ಗಲು ರಿಂಗನ್ನು ಗೀರಿತ್ತು.

ಅವರು ಹೊಸ ರಿಂಗ್ ಹಾಕಿದರು. ಹಲ್ಲಿನ ಗೆರೆ ಬಿದ್ದ ತುದಿಯನ್ನು ಬ್ಲೇಡಿನಿಂದ ಕೊಯ್ದರು. ರೂಢಿಯಂತೆ ಆ ತುಂಡನ್ನು ನೆಲದ ಫರಸಿಯ ಮೇಲೆ ನಿಲ್ಲಿಸಿದರು. ಅದು ಬಿತ್ತು. ತಿರುವಿ ನಿಲ್ಲಿಸಿದರು. ಬಿತ್ತು. ಇನ್ನೊಂದು ಚೂರು ಕೊಯ್ದು ನಿಲ್ಲಿಸಲು ಹೋದರು, ನಡುಗುವ ಬೆರಳಿಗೆ ತಾಗಿ ಅದು ಕಪಾಟಿನೊಳಗೆ ಉರುಳಿತು. ಅದನ್ನು ಹುಡುಕಲಿಲ್ಲ.

ನಾನು ಟಾರ್ಚನ್ನು ನೆಲಕ್ಕಿಟ್ಟು ಚೀಲದಿಂದ ಕಟರ್ ತೆಗೆದೆ. ಅವರು ಅದನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಪೈಪು ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ನೆಟ್ಟಗೆ ಕತ್ತರಿಸಿದೆ. ಎಷ್ಟು ಒಳಹೋಗಬೇಕೋ ಅಲ್ಲಿಗೆ ಪೆನ್ನಿನಿಂದ ಗುರುತು ಮಾಡಿ, ತುದಿ ಒದ್ದೆ ಮಾಡಿ ಒತ್ತಿದೆ. ಹಲ್ಲಿಗೆ ಸಿಕ್ಕಿತು.

"ಇನ್ನಾ ಒತ್ತು," ಎಂದರು ಮೆಲ್ಲಗೆ. "ರಿಂಗ್ ಇನ್ನಾ ಮುಂದ ಐತಿ."

ಜೋರಾಗಿ ಒತ್ತಿದೆ. ಗುರುತು ಮರೆಯಾಯಿತು. ಪಂಪ್ ಶುರು ಮಾಡಿ, ಜೋಡಣೆಗೆ ಪೇಪರಿನ ಚೂರು ಸುತ್ತಿ ಕಾದೆವು. ಪೇಪರ್ ಒದ್ದೆಯಾಗಲಿಲ್ಲ. ಕೆಲಸ ಸರಿಯಾದದ್ದಕ್ಕೆ ನಾನು ಜೀವಮಾನದಲ್ಲಿ ಅಷ್ಟು ದುಃಖಪಟ್ಟಿಲ್ಲ.

ಟೀಚರು ಬಂದು ಬಗ್ಗಿ ನೋಡಿದರು. "ಕಾಕಾ, ನಿಮ್ಮ ಕೈ ಹತ್ತಿದ್ರ ಮುಗೀತು ನೋಡ್ರಿ. ಏನಾಗಿತ್ರಿ?"

ಅವರು ಬ್ಲೇಡನ್ನು ಕಾಗದದಲ್ಲಿ ಸುತ್ತತೊಡಗಿದರು.

"ಪ್ರೆಶರ್ ಭಾಳ ಇತ್ರಿ ಯವ್ವಾ," ಎಂದೆ ನಾನು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡಿದ್ದರು. ವಿಜಯಪುರದ ಬಸ್ಸು ದೂರದಲ್ಲಿ ಕಂಡಾಗ, ರಸ್ತೆಯನ್ನೇ ನೋಡುತ್ತ ಹೇಳಿದರು: "ಇನ್ನ ಮ್ಯಾಲ ಪೈಪ್ ನೀನ ಕೂಡಸು ಬೇ. ನಾ ಟಾರ್ಚ್ ಹಿಡೀತೇನಿ."

ಅವರ ಕೈಯಲ್ಲಿ ಬೆಳಕು ಒಂದು ಕಡೆ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಹೂಂ, ಹಿಡೀರಿ," ಎಂದೆ.