ಇಲ್ಲದ ತ್ರಿಭುಜದ ವಿಸ್ತೀರ್ಣ

ಉತ್ತರ ಬಂತು ಎಂದ ಮಾತ್ರಕ್ಕೆ ಪ್ರಶ್ನೆ ಸರಿಯಿತ್ತು ಎಂದು ನಂಬುವವರ ಜೊತೆ ನಾನು ಹೈಸ್ಕೂಲಿನಿಂದಲೂ ಜಗಳ ಆಡಿಕೊಂಡು ಬಂದವಳು. ಚರ್ಚಾಸ್ಪರ್ಧೆಗಳಲ್ಲಿ ಕಪ್ಪುಗಳನ್ನು ಗೆದ್ದದ್ದೂ ಗೆಳತಿಯರನ್ನು ಕಳೆದುಕೊಂಡದ್ದೂ ಆ ಗುಣದಿಂದಲೇ. ಪರದೇಶದ ಡೆಲ್ಫ್ಟ್‌ನಲ್ಲಿ ಗಣಿತದ ಎಂ.ಎಸ್ಸಿ. ಓದುತ್ತ, ಪಕ್ಕದ ಊರು ರೈಸ್‌ವೈಕ್‌ನ ಒಂದು ಹಳೆಯ ಕಟ್ಟಡದಲ್ಲಿ ರೂಮು ಹಿಡಿದಿದ್ದಾಗಲೂ ಆ ಗುಣ ನನ್ನನ್ನು ಬಿಟ್ಟಿರಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಹತ್ತಿರದ ಒಂದು ಶಾಲೆಯಲ್ಲಿ ಲೆಕ್ಕ ತಿಳಿಯದ ಮಕ್ಕಳ ಪಕ್ಕ ಕೂತು ಹೇಳಿಕೊಡುತ್ತಿದ್ದೆ.

ನನ್ನ ರೂಮಿನ ಮೇಲಿನ ಮನೆಯಲ್ಲಿ ಅಕ್ಕ ಇದ್ದರು. ಒಡಹುಟ್ಟಿದವರಲ್ಲ, ಧಾರವಾಡದ ಕಡೆಯವರು. ಅಲ್ಲಿ ಎಂಟು ವರ್ಷ ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ, ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದಿದ್ದರು. ಬಂದು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷ ಒಂದು ಕಪ್ಪು ಹಲಗೆಯನ್ನೂ ಮುಟ್ಟಿರಲಿಲ್ಲ. ಒಮ್ಮೆ ನಾನು ಸಕ್ಕರೆ ಹುಡುಕಲು ಅವರ ಅಡುಗೆಮನೆಯ ಕಪಾಟು ತೆರೆದಾಗ ಬಾಗಿಲಿನ ಒಳಮೈಗೆ ಅಂಟಿಸಿದ್ದ ಹಾಳೆ ಕಂಡಿತು. ದಿನಸಿಯ ಪಟ್ಟಿ ಅಂದುಕೊಂಡೆ. ನೋಡಿದರೆ ತ್ರಿಭುಜದ ಅರ್ಧಕೋನ ಸೂತ್ರಗಳು. ಅವರು ಒಗ್ಗರಣೆ ಹಾಕುತ್ತ ಅವನ್ನು ಹೇಳಿಕೊಳ್ಳುತ್ತಿದ್ದರಂತೆ, ಕೆಲವರು ಸಹಸ್ರನಾಮ ಹೇಳಿಕೊಳ್ಳುವ ಹಾಗೆ.

ಆ ಚಳಿಗಾಲ ನಮ್ಮ ಶಾಲೆಯ ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಗಣಿತದ ಮೇಷ್ಟ್ರ ಜಾಗ ಖಾಲಿಯಾಯಿತು. ನಾನೇ ಹೇಳಿದೆ, ಅಕ್ಕ ಅರ್ಜಿ ಹಾಕಿದರು. ಮಂಗಳವಾರ ಒಂದು ಪಾಠ ಮಾಡಿ ತೋರಿಸಿ, ವಿಷಯ ನಿಮ್ಮಿಷ್ಟ, ಮಕ್ಕಳಿಗೆ ಕೊಡುವ ಪ್ರಶ್ನೆಗಳನ್ನು ಮೊದಲೇ ಕಳಿಸಿ ಎಂದು ಗಣಿತ ವಿಭಾಗದ ಮುಖ್ಯಸ್ಥರು ಬರೆದರು. ಅಕ್ಕ ಶುಕ್ರವಾರವೇ ಹಾಳೆ ಕಳಿಸಿಬಿಟ್ಟರು. ಶನಿವಾರ ಮಧ್ಯಾಹ್ನ ನನ್ನನ್ನು ಮೇಲಕ್ಕೆ ಕರೆದರು.

"ಬಾ ತಂಗಿ, ಇಲ್ಲಿ ಕೂಡು. ಇಲ್ಲಿನ ಹುಡುಗರು ಹೆಂಗ ತಕರಾರು ತಗೀತಾರೋ ಹಂಗ ತಗಿ. ನಿನಗೇನು ಅದು ಕಷ್ಟದ ಕೆಲಸಲ್ಲ ಬಿಡು."

"ಅಕ್ಕಾ, ಇದು ಹೊಗಳಿಕೆನಾ ಬೈಗುಳನಾ?"

"ಎರಡೂ. ಚಹಾ ಕುಡಿ."

ಹೊರಗೆ ಮಂಜು. ಕಾಲುವೆಯಾಚೆಯ ಹುಲ್ಲುಗಾವಲನ್ನು ಯಾರೋ ರಬ್ಬರಿನಿಂದ ಮೆಲ್ಲಗೆ ಅಳಿಸುತ್ತಿದ್ದಂತಿತ್ತು. ಮೊದಲು ಮರಗಳು ಹೋದವು, ಆಮೇಲೆ ಕುರಿಗಳು, ಕೊನೆಗೆ ಬೇಲಿ. ಕಿಟಕಿಯ ಗಾಜಿನ ಮೇಲೆ ಕೂತ ಆವಿಯಲ್ಲಿ ಅಕ್ಕ ಬೆರಳಿನಿಂದ ಒಂದು ತ್ರಿಭುಜ ಬರೆದರು. ಮೂರು ಮೂಲೆಗಳನ್ನೂ ಮುಟ್ಟುವಂತೆ ಹೊರಗೊಂದು ವೃತ್ತ, ಅದು ಪರಿವೃತ್ತ. ಮೂರು ಬದಿಗಳಿಗೂ ತಾಗುವಂತೆ ಒಳಗೊಂದು, ಅದು ಅಂತರ್ವೃತ್ತ. ಹೊರಗಿನದರ ತ್ರಿಜ್ಯ ದೊಡ್ಡ ಆರ್, ಒಳಗಿನದು ಸಣ್ಣ ಆರ್. ಗೆರೆಗಳ ಸಂದಿನಿಂದ ಬಿಳಿ ಹೊರಗು ಕಾಣುತ್ತಿತ್ತು. ಎಲ್ಲವೂ ತೇಲುತ್ತಿತ್ತು.

ಹಾಳೆಯ ಕೊನೆಯ ಪ್ರಶ್ನೆ ಅವರಿಗೆ ಬಹಳ ಪ್ರೀತಿಯದು. ಒಂದು ತ್ರಿಭುಜದ ದೊಡ್ಡ ಆರ್ ಹತ್ತು, ಸಣ್ಣ ಆರ್ ಆರು, ಒಂದು ಕೋನ ಅರವತ್ತು ಡಿಗ್ರಿ. ವಿಸ್ತೀರ್ಣವೆಷ್ಟು?

"ನೋಡು ಎಷ್ಟು ಚಂದ ಬರ್ತದ," ಎಂದು ಅಕ್ಕ ಬಿಡಿಸತೊಡಗಿದರು. ಅರವತ್ತರ ಎದುರಿನ ಬದಿ ಎಂದರೆ ದೊಡ್ಡ ಆರ್‌ನ ಎರಡರಷ್ಟು, ಗುಣಿಸು ಸೈನ್ ಅರವತ್ತು: ಹತ್ತು ರೂಟ್ ಮೂರು. ಅರೆ ಸುತ್ತಳತೆಯಿಂದ ಆ ಬದಿಯನ್ನು ಕಳೆದರೆ ಉಳಿಯುವುದು ಸಣ್ಣ ಆರ್ ಅನ್ನು ಅರ್ಧಕೋನದ ಟ್ಯಾನ್‌ನಿಂದ ಭಾಗಿಸಿದಷ್ಟು: ಆರು ರೂಟ್ ಮೂರು. ಎರಡನ್ನೂ ಕೂಡಿದರೆ ಅರೆ ಸುತ್ತಳತೆ ಹದಿನಾರು ರೂಟ್ ಮೂರು. ಅದನ್ನು ಸಣ್ಣ ಆರ್‌ನಿಂದ ಗುಣಿಸಿದರೆ ವಿಸ್ತೀರ್ಣ: ತೊಂಬತ್ತಾರು ರೂಟ್ ಮೂರು.

"ಎಂಟು ವರ್ಷ ಇದನ್ನ ಕೊಟ್ಟೀನಿ. ಹುಡುಗರು ಬಾಯಿ ಬಿಟ್ಕೊಂಡು ನೋಡ್ತಿದ್ರು."

"ಉಳಿದೆರಡು ಬದಿ ಎಷ್ಟಕ್ಕಾ?"

"ಅದನ್ನ ಯಾರು ಕೇಳ್ಯಾರ?"

"ನಾನು ಕೇಳ್ತಿದೀನಲ್ಲ. ತಕರಾರು ತೆಗಿ ಅಂದ್ರಿ."

ಅವರು ನಕ್ಕು ಪೆನ್ನು ಕೊಟ್ಟರು. ಉಳಿದೆರಡು ಬದಿಗಳ ಮೊತ್ತ ಇಪ್ಪತ್ತೆರಡು ರೂಟ್ ಮೂರು ಬಂತು. ವಿಸ್ತೀರ್ಣದಿಂದ ಅವುಗಳ ಗುಣಲಬ್ಧ ಮುನ್ನೂರ ಎಂಬತ್ತನಾಲ್ಕು. ಮೊತ್ತದ ವರ್ಗ ಒಂದು ಸಾವಿರದ ನಾನೂರ ಐವತ್ತೆರಡು. ಗುಣಲಬ್ಧದ ನಾಲ್ಕರಷ್ಟು ಒಂದು ಸಾವಿರದ ಐನೂರ ಮೂವತ್ತಾರು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬದಿಗಳ ವ್ಯತ್ಯಾಸದ ವರ್ಗ ಸಿಗಬೇಕು. ಸಿಕ್ಕಿದ್ದು ಮೈನಸ್ ಎಂಬತ್ತನಾಲ್ಕು. ಯಾವ ವರ್ಗವೂ ಮೈನಸ್ ಆಗುವುದಿಲ್ಲ.

"ಅಕ್ಕಾ, ಈ ತ್ರಿಭುಜ ಇಲ್ಲವೇ ಇಲ್ಲ."

ಗೆದ್ದ ದನಿಯಲ್ಲೇ ಹೇಳಿದೆ. ಆ ದನಿ ನನಗೆ ತಾನಾಗಿ ಬರುತ್ತದೆ, ಅದನ್ನು ಬೇಡವೆನ್ನಲು ಇನ್ನೂ ಕಲಿತಿಲ್ಲ.

ಅಕ್ಕ ನನ್ನ ಲೆಕ್ಕವನ್ನು ನಂಬಲಿಲ್ಲ. ತಮ್ಮದೇ ದಾರಿಯಲ್ಲಿ ಹೋದರು. ಸಣ್ಣ ಆರ್ ಎಂದರೆ ದೊಡ್ಡ ಆರ್‌ನ ನಾಲ್ಕರಷ್ಟು, ಗುಣಿಸು ಮೂರೂ ಅರ್ಧಕೋನಗಳ ಸೈನ್. ಒಂದು ಅರ್ಧಕೋನ ಮೂವತ್ತು, ಅದರ ಸೈನ್ ಅರ್ಧ. ಉಳಿದೆರಡರ ಗುಣಾಕಾರವನ್ನು ಬಿಡಿಸಿದರೆ, ಸಣ್ಣ ಆರ್ ಭಾಗಿಸು ದೊಡ್ಡ ಆರ್ ಎಂಬುದು ಉಳಿದೆರಡು ಕೋನಗಳ ವ್ಯತ್ಯಾಸದ ಅರ್ಧದ ಕೊಸೈನ್, ಅದರಲ್ಲಿ ಅರ್ಧ ಕಳೆದಷ್ಟು. ಅಂದರೆ ದಶಾಂಶ ಆರಕ್ಕೆ ದಶಾಂಶ ಐದು ಕೂಡಿದರೆ ಆ ಕೊಸೈನ್. ಒಂದು ದಶಾಂಶ ಒಂದು.

ಕೊಸೈನ್ ಒಂದನ್ನು ಮೀರಲಾರದು. ಅಕ್ಕ ಪೆನ್ನಿನ ಮುಚ್ಚಳ ಹಾಕಿದರು. ಗಾಜಿನ ಮೇಲಿನ ತ್ರಿಭುಜದಿಂದ ಒಂದು ಹನಿ ಕೆಳಗಿಳಿದು ಒಳಗಿನ ವೃತ್ತವನ್ನು ಸೀಳಿಕೊಂಡು ಹೋಯಿತು.

"ಎಂಟು ವರ್ಷ," ಎಂದರು. "ಇಲ್ಲದ್ದರ ಜಾಗಾ ಅಳಿಯಾಕ ಹಚ್ಚೀನಿ, ತಂಗಿ."

ನನಗೂ ಆಗ ಅದೆಲ್ಲ ಕಣ್ಣಿಗೆ ಕಟ್ಟಿತು. ಧಾರವಾಡದ ಬೆಂಚುಗಳ ಮೇಲೆ ವರ್ಷ ವರ್ಷವೂ ಬಗ್ಗಿದ ತಲೆಗಳು, ತೊಂಬತ್ತಾರು ರೂಟ್ ಮೂರು ಎಂದು ಬರೆದು ಅಡಿಗೆರೆ ಎಳೆದ ಕೈಗಳು, ಎಲ್ಲಿಯೂ ಇಲ್ಲದ ಆ ಆಕಾರ ಪ್ರತಿ ನೋಟ್‌ಬುಕ್ಕಿನಲ್ಲೂ ಒಂದು ರಾತ್ರಿ ತಂಗಿ ಹೋದದ್ದು. ಸೂತ್ರಗಳು ಒಂದೂ ತಪ್ಪಿರಲಿಲ್ಲ. ಕನಸು ತನ್ನೊಳಗೆ ಎಷ್ಟು ಸರಿಯಾಗಿರುತ್ತದೋ ಅಷ್ಟೇ ಸರಿಯಾಗಿದ್ದವು. ಇದ್ದರೆ ಇಷ್ಟು ಎಂದು ಅವು ಹೇಳಿದ್ದವು, ಇದೆ ಎಂದಿರಲಿಲ್ಲ.

"ಇನ್ನೊಂದು ಹಾಳೆ ಕಳಿಸಿ," ಎಂದೆ.

"ಕಳಸಿದ್ರ ತಪ್ಪು ಮಾಡೀನಿ ಅಂತ ಪಾಠಕ್ಕ ಮೊದಲ ಬರದು ಕೊಟ್ಟಂಗ. ಹೋಗೂದ ಬ್ಯಾಡ ಅನಸ್ತದ. ಇದೊಂದು ಹೋದ್ರ ಮತ್ತ ಯಾರು ಕರೀತಾರ ನನ್ನ?"

"ಹಂಗಿದ್ರೆ ಬೇಕಂತಲೇ ಇಟ್ಟಿದ್ದು ಅನ್ನಿ. ಮಕ್ಕಳು ಹಿಡೀತಾರಾ ನೋಡೋಕೆ ಇಟ್ಟ ಬಲೆ. ಯಾರಿಗೆ ಗೊತ್ತಾಗುತ್ತೆ?"

ಅಕ್ಕ ನನ್ನ ಕಡೆ ತಿರುಗಿದರು. "ನೀ ಚರ್ಚಾದಾಗ ಗೆದ್ದ ಕಪ್ಪು ಎಲ್ಲಾ ಹಿಂಗ ಗೆದ್ದಿದ್ದೇನು?"

ಆ ಮಾತು ನಾಟಿತು. ಚಹಾ ಆರಿತ್ತು, ಕುಡಿಯದೆ ಕೆಳಗಿಳಿದೆ.

ಭಾನುವಾರ ಮಧ್ಯಾಹ್ನದವರೆಗೂ ಮೇಲಿನಿಂದ ಸದ್ದಿರಲಿಲ್ಲ. ಆಮೇಲೆ ಅವರೇ ಬಾಗಿಲು ತಟ್ಟಿದರು. ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನಿಂದ ತಂದ, ಕೇಕಿನ ಅಡಿಗೆ ಹಾಸುವ ತೆಳು ಕಾಗದದ ಸುರುಳಿ. "ಹೋಗ್ತೀನಿ," ಎಂದರು. ಕತ್ತರಿ ಕೇಳಿ ಇಸಿದುಕೊಂಡು ಹೋದರು.

ಮಂಗಳವಾರವೂ ಮಂಜು ಬಿಟ್ಟಿರಲಿಲ್ಲ. ತರಗತಿಯಲ್ಲಿ ಹದಿನಾಲ್ಕು ಮಕ್ಕಳು, ಹಿಂದಿನ ಬೆಂಚಿನಲ್ಲಿ ಮುಖ್ಯಸ್ಥರು, ಅವರ ಪಕ್ಕ ಸಹಾಯಕಿಯಾಗಿ ನಾನು. ಅಕ್ಕ ರೇಷ್ಮೆ ಸೀರೆಯ ಮೇಲೆ ಚಳಿಯ ಜಾಕೆಟ್ ಹಾಕಿಕೊಂಡು ಬಂದಿದ್ದರು. ಮೊದಲ ಪ್ರಶ್ನೆಗಳು ಸರಾಗವಾಗಿ ಸಾಗಿದವು. ಕೊನೆಯದರ ಹೊತ್ತಿಗೆ ಅವರು ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. ಈ ಪ್ರಶ್ನೆ ತಪ್ಪು, ಎಂದರು ಇಂಗ್ಲಿಷಿನಲ್ಲಿ. ಎಂಟು ವರ್ಷ ಇದನ್ನು ಕೇಳಿದ್ದೇನೆ, ತಪ್ಪು ಎಂದು ಗೊತ್ತಾದದ್ದು ಶನಿವಾರ. ಯಾಕೆ ತಪ್ಪು ಎಂಬುದನ್ನು ಈಗ ನಾವು ನೋಡೋಣ.

ನಾನು ಕಿಟಕಿಯ ಕಡೆ ನೋಡಿದೆ. ಮುಖ್ಯಸ್ಥರ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಅಕ್ಕ ಎಲ್ಲರಿಗೂ ಒಂದೊಂದು ತೆಳು ಕಾಗದ ಹಂಚಿದರು. ಪ್ರತಿಯೊಂದರ ಮೇಲೂ ಹತ್ತು ಸೆಂಟಿಮೀಟರ್ ತ್ರಿಜ್ಯದ ಅದೇ ವೃತ್ತ, ಅದೇ ಜಾಗದಲ್ಲಿ ಅದೇ ಅಡ್ಡಗೆರೆ, ಅರವತ್ತರ ಎದುರಿನ ಬದಿ, ಹದಿನೇಳು ಸೆಂಟಿಮೀಟರಿಗೆ ತುಸು ಹೆಚ್ಚು. ಭಾನುವಾರ ಸಂಜೆಯೆಲ್ಲ ಕೂತು ಅವರೇ ಬರೆದದ್ದು. ಗೆರೆಯ ಮೇಲಿನ ದೊಡ್ಡ ಕಮಾನಿನಲ್ಲಿ ಮೂರನೆಯ ಮೂಲೆಯನ್ನು ನಿಮಗೆ ಬೇಕಾದಲ್ಲಿಡಿ, ಎಲ್ಲಿಟ್ಟರೂ ಅಲ್ಲಿನ ಕೋನ ಅರವತ್ತೇ, ಎಂದರು. ಕೋನಗಳನ್ನು ಅರ್ಧಿಸಿ, ಆ ಗೆರೆಗಳು ಕೂಡುವಲ್ಲಿ ಒಳವೃತ್ತದ ಕೇಂದ್ರಕ್ಕೆ ಒಂದು ಚುಕ್ಕೆ ಇಡಿ.

ಕಂಪಾಸುಗಳ ಕಿರಕಿರ ಸದ್ದು. ಒಬ್ಬಳು ಮೂಲೆಯನ್ನು ನಡುವೆ ಇಟ್ಟಳು, ಇನ್ನೊಬ್ಬ ತೀರ ಅಂಚಿಗೆ. ಮುಗಿದಮೇಲೆ ಅಕ್ಕ ಹದಿನಾಲ್ಕೂ ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು.

ಮಂಜಿನ ಬೆಳಕು ಕಾಗದಗಳನ್ನು ಹಾಯ್ದು ಬಂತು. ಹದಿನಾಲ್ಕು ತ್ರಿಭುಜಗಳು ಒಂದರೊಳಗೊಂದು ಮಬ್ಬಾಗಿ ಕರಗಿದವು, ಚುಕ್ಕೆಗಳು ಮಾತ್ರ ಉಳಿದವು. ಅವು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಗೆರೆಯ ಒಂದು ತುದಿಯಿಂದ ಎದ್ದು ಇನ್ನೊಂದು ತುದಿಗೆ ಇಳಿಯುವ ಒಂದು ತಗ್ಗು ಕಮಾನಾಗಿ ನಿಂತಿದ್ದವು, ನೀರಿನಡಿಯ ಸೇತುವೆಯ ಹಾಗೆ. ಆ ಹೊತ್ತಿನಲ್ಲಿ ತರಗತಿ ಇತ್ತೋ, ಇಲ್ಲ ಆ ಬಿಳಿಯೊಳಗೆ ಆ ಚುಕ್ಕೆಗಳಷ್ಟೇ ಇದ್ದವೋ ಹೇಳಲಾರೆ.

ಅಕ್ಕ ಒಬ್ಬ ಹುಡುಗಿಗೆ ಸ್ಕೇಲು ಕೊಟ್ಟರು. ಗೆರೆಯಿಂದ ಚುಕ್ಕೆಗಿರುವ ಎತ್ತರವೇ ಒಳವೃತ್ತದ ತ್ರಿಜ್ಯ. ಹುಡುಗಿ ಅತಿ ಮೇಲಿನ ಚುಕ್ಕೆಯನ್ನು ಅಳೆದಳು. ಐದು. ಆರರಲ್ಲಿ ಚುಕ್ಕೆಯೇ ಇರಲಿಲ್ಲ. ಆಮೇಲೆ ಅಕ್ಕ ಬೋರ್ಡಿನಲ್ಲಿ ಅರ್ಧಕೋನದ ಸೂತ್ರ ಬರೆದು, ಕೊಸೈನ್ ಒಂದಕ್ಕಿಂತ ಮೇಲೆ ಹೋಗದಿರುವುದರಿಂದಲೇ ಸೇತುವೆ ಐದಕ್ಕೆ ನಿಂತಿತು ಎಂದು ತೋರಿಸಿದರು.

ಗಂಟೆಯಾಗಿ ಮಕ್ಕಳು ಹೋದಮೇಲೆ ಮುಖ್ಯಸ್ಥರು ಎದ್ದು ತಮ್ಮ ಫೈಲಿನಿಂದ ಒಂದು ಹಾಳೆ ತೆಗೆದು ಅಕ್ಕನ ಮುಂದಿಟ್ಟರು. ಅದು ಶುಕ್ರವಾರ ಅಕ್ಕ ಕಳಿಸಿದ ಹಾಳೆ. ಕೊನೆಯ ಪ್ರಶ್ನೆಯನ್ನು ಅವರು ಪೆನ್ಸಿಲಿನಲ್ಲಿ ಬಿಡಿಸಿದ್ದರು: ತೊಂಬತ್ತಾರು ರೂಟ್ ಮೂರು. ಪಕ್ಕದಲ್ಲಿ ಅವರದೇ ಕೈಯ ಒಂದು ದಪ್ಪ ಸರಿ ಗುರುತು. ನಾನೂ ನಂಬಿದ್ದೆ, ಎಂದು ಮುಖ ಕೆಂಪಾಗಿಸಿಕೊಂಡು ನಕ್ಕರು. ಆಮೇಲೆ, ಬೇಸಿಗೆ ರಜೆಯವರೆಗೆ ವಾರಕ್ಕೆ ಎರಡು ದಿನ ಬರಲಾಗುತ್ತದೆಯೇ, ಆ ಹೊತ್ತಿಗೆ ನಿಮ್ಮ ಪದವಿಯ ಕಾಗದಗಳಿಗೆ ಇಲ್ಲಿ ಮಾನ್ಯತೆ ಪಡೆಯುವ ಕೆಲಸ ಮುಗಿಸಿಕೊಳ್ಳೋಣ, ಎಂದು ಕೇಳಿದರು. ಅಕ್ಕ ಹೂಂ ಎಂದದ್ದು ಕನ್ನಡದಲ್ಲಿ.

ಟ್ರಾಮ್ ನಿಲ್ದಾಣದಲ್ಲಿ ನಿಂತಾಗ ಅವರು ಕೇಳಿದರು: "ನೀ ಹೇಳಿದಂಗ, ಬೇಕಂತ ಇಟ್ಟೀನಿ ಅಂದಿದ್ರೂ ಕೆಲಸ ಸಿಗತಿತ್ತೇನು?"

"ಸಿಗ್ತಿತ್ತು ಅಕ್ಕಾ. ಬುದ್ಧಿವಂತೆ ಅಂತ ಇನ್ನೂ ಮೆಚ್ಕೋತಿದ್ರು." ಸುಳ್ಳು ಹೇಳಬೇಕೆನಿಸಲಿಲ್ಲ.

"ಇರಬಹುದು," ಎಂದರು ಅಕ್ಕ, ಬರುತ್ತಿದ್ದ ಟ್ರಾಮಿನ ದೀಪವನ್ನೇ ನೋಡುತ್ತ. "ಆದ್ರ ಆ ಮನುಷ್ಯಾ ತನ್ನ ಹಾಳಿ ತಗದು ತೋರಸ್ತಿದ್ದಿಲ್ಲ."

ಟ್ರಾಮಿನ ಬಾಗಿಲು ತೆರೆದುಕೊಂಡಿತು, ಹತ್ತಿದೆವು.