ಹಮಾಲನ ಎದುರು ಹೇಳಿದ ಸಾಕ್ಷಿ

ಕೊಟ್ಟೂರಿನ ಮಾರುಕಟ್ಟೆ ಯಾರ್ಡಿನಲ್ಲಿ ನಮ್ಮದು ದಲಾಲಿ ಅಂಗಡಿ. ಅಪ್ಪನ ಕಾಲದಿಂದ ನಮ್ಮಲ್ಲಿ ಹಮಾಲಿ ಮಾಡುತ್ತಿದ್ದವರಲ್ಲಿ ಒಬ್ಬನನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದು ಕರೆಯುತ್ತಿದ್ದೆ. ಶೇಂಗಾ ಚೀಲಗಳ ಸಾಲಿನ ಮೇಲೆ ನನ್ನನ್ನು ಕೂರಿಸಿ, ಬೀಳದಂತೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಚುಟ್ಟ ಸೇದುತ್ತಿದ್ದ ಮನುಷ್ಯ. ಅಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ಮೇಲೂ ಅವನ ಬಾಯಲ್ಲಿ ನಾನು ‘ಸಣ್ಣ ಸಾವ್ಕಾರ’ನೇ.

ಕಾಕಾನಿಗೆ ಇಬ್ಬರು ಮಕ್ಕಳು. ಮಗಳನ್ನು ಇಟ್ಟಿಗಿ ಎಂಬ ಊರಿಗೆ ಕೊಟ್ಟಿದ್ದ. ಅವಳೂ ಅವಳ ಗಂಡನೂ ಕಂಡವರ ಹೊಲದಲ್ಲಿ ಕೂಲಿ ಮಾಡಿ ಬದುಕುವವರು. ಮಗ ಹುಡುಗನಾಗಿದ್ದಾಗಲೇ ಲಾರಿ ಕ್ಲೀನರ್ ಆಗಿ ಹೋದ, ಡ್ರೈವರ್ ಆದ, ಹಡಗಲಿಯಲ್ಲಿ ಅನುಕೂಲಸ್ಥರ ಮನೆಯ ಹೆಣ್ಣು ಮಾಡಿಕೊಂಡ, ಅಲ್ಲೇ ನೆಲೆ ನಿಂತ. ಮೊದಲು ಒಂದು ಲಾರಿ, ಆಮೇಲೆ ಇನ್ನೊಂದು. ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಅಪ್ಪ ಅವ್ವನನ್ನು ಕರೆಯಲಿಲ್ಲ. ಅವನ ಲಾರಿಗಳು ಮೆಕ್ಕೆಜೋಳ ತುಂಬಿಕೊಳ್ಳಲು ನಮ್ಮ ಯಾರ್ಡಿಗೇ ಬರುತ್ತಿದ್ದವು. ಅವನು ಮಾತ್ರ ಬರುತ್ತಿರಲಿಲ್ಲ. ಮುಂದಿನ ಗಾಜಿನ ಮೇಲೆ ತನ್ನ ಮಗಳ ಹೆಸರು ಬರೆಸಿದ್ದ. ಕಾಕಾನಿಗೆ ಓದಲು ಬರದು. ಯಾರೋ ಓದಿ ಹೇಳಿದ ಮೇಲೆಯೇ ಮೊಮ್ಮಗಳ ಹೆಸರು ಏನೆಂದು ಅವನಿಗೆ ಗೊತ್ತಾದದ್ದು.

ವಯಸ್ಸಾಗಿ ಸೊಂಟ ಸೋತು, ಹರ್ನಿಯಾ ಆಗಿ, ಕಾಕಾ ಚೀಲ ಎತ್ತುವುದು ನಿಂತಿತು. ಯಾರ್ಡಿಗೆ ಬರುವುದು ನಿಲ್ಲಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಲೆಗೆ ಟವಲು ಸುತ್ತಿ, ಚೀಲ ಎಳೆಯುವ ಕೊಕ್ಕೆ ಕೈಯಲ್ಲಿ ಹಿಡಿದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಲಾರಿ ಬಂದರೆ ಎದ್ದು ನಿಂತು, “ಆ ಕಡಿ ಹಿಡೀರಲೇ, ಚೀಲ ಹರೀತದ” ಎಂದು ಹುಡುಗರಿಗೆ ಕೂಗುತ್ತಿದ್ದ. ಹುಡುಗರು ಹ್ಞೂಂ ಎನ್ನುತ್ತಿದ್ದರು. ಸಂತೆಯ ದಿನ ನಾನು ಅವನ ಕೈಗೆ ಏನಾದರೂ ಕೊಡುತ್ತಿದ್ದೆ. ಅದನ್ನು ಅವನು ಕೂಲಿಯೆಂದೇ ತೆಗೆದುಕೊಳ್ಳುತ್ತಿದ್ದ, ನಾನೂ ಹಾಗೆಯೇ ಕೊಡುತ್ತಿದ್ದೆ. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದ್ದಿಲ್ಲ.

ಕೋರ್ಟಿಗೆ ಹೋಗುವ ನಿರ್ಧಾರ ಮಾಡಿದವಳು ಅವನ ಹೆಂಡತಿ. ನಾನು ಚಿಗವ್ವ ಎನ್ನುತ್ತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕಣ್ಣು ಮಂಜಾಗಿ ಅದೂ ತಪ್ಪಿತು. ಬಾಡಿಗೆ ಕೋಣೆಯ ಮಾಲೀಕರು ಕೋಣೆ ಬಿಡಿ ಎಂದಿದ್ದರು. ಒಂದು ದಿನ ಮಗನ ಮನೆಗೆ ಹೋಗಿ ಬಂದಳಂತೆ. ಅಂಗಳದಲ್ಲೇ ನಿಲ್ಲಿಸಿ ನೀರು ಕೊಟ್ಟು ಕಳಿಸಿದರಂತೆ. ಅದನ್ನು ನನಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ.

“ನೀರು ಕೊಟ್ಟಾನ್ರಿ, ಇಲ್ಲ ಅನ್ನಾಂಗಿಲ್ಲ. ನೀರಿಂದ ಹೊಟ್ಟಿ ತುಂಬತೈತೇನ್ರಿ? ವಕೀಲರು ಸಾಕ್ಷಿ ಬೇಕು ಅಂದಾರ. ನೀವು ಬಂದು ಹೇಳ್ರಿ.”

“ಕಾಕಾ ಏನಂತಾನ, ಚಿಗವ್ವ?”

“ಅಂವಾ ಏನಂತಾನ. ಮಗನ ಮ್ಯಾಲೆ ಕೋರ್ಟಿಗೆ ಹೋಗೋದು ಬ್ಯಾಡ ಅಂತಾನ. ಉಪಾಸ ಇರಾದು ನಾನ್ರಿ. ಅಂವಗ ನೀವು ಚಾ ಕುಡಸ್ತೀರಿ.”

ಕೊನೆಗೆ ಕಾಕಾ ಒಪ್ಪಿ ಹೆಬ್ಬೆಟ್ಟು ಒತ್ತಿದ. ಅರ್ಜಿ ಹಾಕಿದ್ದು ಹಡಗಲಿ ಕೋರ್ಟಿನಲ್ಲಿ. ನಮ್ಮ ಕೂಡ್ಲಿಗಿ ಕೋರ್ಟು ಬಿಟ್ಟು ಅಲ್ಲಿಗೇಕೆ ಎಂದು ಕೇಳಿದ್ದಕ್ಕೆ, ಹೆಂಡತಿಯಾದರೆ ತಾನಿರುವ ಊರಿನಲ್ಲೇ ಜೀವನಾಂಶ ಕೇಳಬಹುದು, ತಂದೆತಾಯಿ ಮಾತ್ರ ಮಗ ಇರುವ ಕಡೆಗೇ ಹೋಗಿ ಕೇಳಬೇಕು ಎಂದು ವಕೀಲರು ತಿಳಿಸಿದರು. ಅವರು ಹಡಗಲಿಯವರೇ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಚಿತ ಕಾನೂನು ನೆರವಿನಲ್ಲಿ ನೇಮಕವಾದವರು. ಹಿಂದೆ ಈ ಕಾನೂನಿನಲ್ಲಿ ತಿಂಗಳಿಗೆ ಐನೂರಕ್ಕಿಂತ ಹೆಚ್ಚು ಕೊಡಿಸುವಂತಿರಲಿಲ್ಲ, ಈಚೆಗಷ್ಟೇ ಆ ಮಿತಿ ತೆಗೆದಿದ್ದಾರೆ ಎಂದರು. “ಆದ್ರ ಎರಡು ಮಾತು ರುಜುವಾತು ಮಾಡಬೇಕ್ರಿ. ಇವರಿಗೆ ತಾವೇ ಬದುಕೋ ಶಕ್ತಿ ಇಲ್ಲ ಅಂತ ಒಂದು. ಮಗನಿಗೆ ಸಾಕೋ ಶಕ್ತಿ ಇದ್ದೂ ಸಾಕಲಿಲ್ಲ ಅಂತ ಇನ್ನೊಂದು.”

ಎರಡನೆಯದಕ್ಕೆ ಅವರು ಸಾರಿಗೆ ಕಚೇರಿಯಿಂದ ಲಾರಿಗಳ ನೋಂದಣಿಯ ನಕಲು ತರಿಸಿದ್ದರು. ಎರಡೂ ಮಗನ ಹೆಸರಿನಲ್ಲೇ ಇದ್ದವು. ಮೊದಲನೆಯದಕ್ಕೆ ಸರಕಾರಿ ಆಸ್ಪತ್ರೆಯ ಡಾಕ್ಟರ ಪ್ರಮಾಣಪತ್ರ ಇತ್ತು, ಆಮೇಲೆ ಡಾಕ್ಟರೂ ಬಂದು ಹೇಳಿ ಹೋದರು. ಅಷ್ಟು ಸಾಕಾಗುತ್ತಿತ್ತು. ಕೆಡಿಸಿದವನು ಕಾಕಾನೇ.

ಅವನ ಹೇಳಿಕೆಯ ದಿನ ನಾನೂ ಹೋಗಿದ್ದೆ. ಸಾಕ್ಷಿದಾರರು ತಮ್ಮ ಸರದಿಗೆ ಮುಂಚೆ ಒಳಗೆ ಕೂರುವಂತಿಲ್ಲ ಎಂದು ಹೊರಗೆ ಕಳಿಸಿದರು. ವರಾಂಡದ ಬೆಂಚಿನ ಮೇಲೆ ಕೂತೆ. ಸ್ವಲ್ಪ ದೂರದಲ್ಲಿ ಮಗ ನಿಂತಿದ್ದ, ಬಿಳಿ ಅಂಗಿ, ಕೈಯಲ್ಲಿ ದೊಡ್ಡ ವಾಚು. ಒಂದು ಕಾಲಕ್ಕೆ ನಾವು ಒಟ್ಟಿಗೆ ಯಾರ್ಡಿನಲ್ಲಿ ಗೋಲಿ ಆಡಿದವರು. ಅವನು ನನ್ನ ಕಡೆ ನೋಡಲಿಲ್ಲ. ಅವನ ಹೆಸರು ಕೂಗಿದರು, ಒಳಗೆ ಹೋದ.

ಕೋರ್ಟು ಮುಗಿದು ಹೊರಗೆ ಬಂದಾಗ ಚಿಗವ್ವನ ಮುಖ ಕಪ್ಪಿಟ್ಟಿತ್ತು. “ಕೇಳ್ರಿ ಇವನ್ನ, ಏನು ಹೇಳಿ ಬಂದಾನ ಅಂತ.”

ಕಾಕಾ ಟವಲಿನಿಂದ ಮುಖ ಒರೆಸುತ್ತಾ ಆ ಕಡೆ ತಿರುಗಿದ. ವಕೀಲರೇ ಹೇಳಿದರು. ಮಗನ ಕಡೆಯ ವಕೀಲರು ಕೇಳಿದ್ದರು: ದಿನಾ ಯಾರ್ಡಿಗೆ ಹೋಗುತ್ತೀಯೋ? ಹೋಗ್ತೀನ್ರಿ. ಕೊಕ್ಕೆ ತಗೊಂಡೇ ಹೋಗುತ್ತೀಯೋ? ಹೌದ್ರಿ. ಹಾಗಾದರೆ ಹಮಾಲಿ ಮಾಡುತ್ತೀ? ಕಾಕಾ ಮಗನ ಕಡೆ ನೋಡಿ, ಎದೆ ಮುಂದೆ ಮಾಡಿ, “ಮಾಡ್ತೀನ್ರಿ. ಇವತ್ತಿಗೂ ಮಾಡ್ತೀನಿ. ಯಾರ ಮುಂದೂ ಕೈ ಚಾಚಿಲ್ಲ” ಎಂದನಂತೆ. ಅದು ಬರಹಕ್ಕೆ ಇಳಿದಿತ್ತು.

“ಈಗ ನೀವೇ ಉಳಿದಿದ್ದು,” ಎಂದರು ವಕೀಲರು ನನಗೆ. “ಇದ್ದದ್ದು ಇದ್ದಂಗ ಹೇಳಿದ್ರ ಸಾಕು.”

ವಾಪಸು ಬರುವ ಬಸ್ಸು ಇಟ್ಟಿಗಿ ದಾಟಿತು. ಕಾಕಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದ. “ಮಗ ಎದುರಿಗೆ ನಿಂತಿದ್ದ, ಸಣ್ಣ ಸಾವ್ಕಾರ. ಅವನ ಮುಂದ ಹ್ಯಾಂಗ ಹೇಳ್ಲಿ, ನನ್ನ ಕೈಲಿ ಆಗಂಗಿಲ್ಲ ಅಂತ.”

ಮುಂದಿನ ತಾರೀಖಿಗೆ ನನ್ನ ಸರದಿ. ಪ್ರಮಾಣ ಮಾಡಿಸಿದರು. ಕಾಕಾ, ಚಿಗವ್ವ ಎಡಗಡೆ ಬೆಂಚಿನಲ್ಲಿ ಪಕ್ಕಪಕ್ಕ ಕೂತಿದ್ದರು, ಬಲಗಡೆ ಮಗ. ಕಟಕಟೆಯಲ್ಲಿ ನಿಂತರೆ ಕಾಕಾನ ಮುಖ ನೇರ ಕಾಣುತ್ತಿತ್ತು. ನಮ್ಮ ವಕೀಲರು ಕೇಳಿದ್ದಕ್ಕೆ ಅವನು ಎಷ್ಟು ಕಾಲದಿಂದ ಗೊತ್ತು, ಯಾವಾಗಿಂದ ಕೈಲಾಗುವುದಿಲ್ಲ ಎಂದು ಹೇಳಿದೆ. ಆಮೇಲೆ ಮಗನ ಕಡೆಯ ವಕೀಲರು ಎದ್ದರು.

“ಅರ್ಜಿದಾರರು ದಿನಾ ನಿಮ್ಮ ಅಂಗಡಿಗೆ ಬರ್ತಾರ?”

“ಬರ್ತಾರ್ರಿ.”

“ವಾರಕ್ಕೊಮ್ಮೆ ದುಡ್ಡು ಕೊಡ್ತೀರಿ?”

“ಕೊಡ್ತೀನ್ರಿ.”

“ಅಂದ್ರ ಹಮಾಲಿ ಕೂಲಿ.”

ಹೌದು ಎಂದರೆ ಚಿಗವ್ವ ಬೀದಿಗೆ. ಅಲ್ಲ ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಎದುರಿಗೆ ಕೂತ ಕಾಕಾನಿಗೂ ಗೊತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

“ಕೂಲಿ ಅಲ್ರಿ.”

“ಮತ್ತ ಏನು?”

“ನಾನಾಗಿ ಕೊಡೋದ್ರಿ. ಅವರು ಒಂದು ಚೀಲಾನೂ ಎತ್ತಂಗಿಲ್ಲ. ಎತ್ತಾಕ ಆಗಂಗಿಲ್ಲ. ಸುಮ್ಮನೆ ಬಂದು ಕೂತಿರ್ತಾರ.”

“ಕೆಲಸ ಮಾಡ್ತೀನಿ ಅಂತ ಅವರೇ ಪ್ರಮಾಣ ಮಾಡಿ ಹೇಳ್ಯಾರಲ್ಲ. ಅವರು ಸುಳ್ಳು ಹೇಳಿದ್ರೇನು?”

“ಸುಳ್ಳಲ್ರಿ,” ಎಂದೆ. “ಹಮಾಲ ಅನ್ನಿಸ್ಕೊಂಡು ಬದುಕಿದವರು. ಹಮಾಲ ಅಲ್ಲ ಅಂತ ಬಾಯಿ ಬಿಟ್ಟು ಹೇಳಾಕ ಆಗಿಲ್ಲ ಅವರಿಗೆ.”

ಮಾತಿನ ಕೊನೆಯ ಭಾಗ ಸಾಕ್ಷಿಯ ಅಭಿಪ್ರಾಯ, ಬರೆಯಬಾರದು ಎಂದು ಎದುರಿನ ವಕೀಲರು ತಕರಾರು ತೆಗೆದರು. ಮ್ಯಾಜಿಸ್ಟ್ರೇಟರು ಟೈಪಿಸ್ಟನಿಗೆ ಚೀಲ ಎತ್ತುವುದಿಲ್ಲ ಎಂಬುದನ್ನು ಮಾತ್ರ ಬರೆಸಿದರು. “ನೀವು ಕೊಡ್ತಾ ಇದ್ದೀರಲ್ಲ, ಅಲ್ಲಿಗೆ ಅವರ ಜೀವನ ನಡೆದೇ ಇದೆ,” ಎಂದರು ಎದುರಿನವರು. ನಾನು ಬಾಯಿ ತೆರೆಯುವ ಮೊದಲೇ ಮ್ಯಾಜಿಸ್ಟ್ರೇಟರು ಅವರನ್ನು ನೋಡಿ, ಬೇರೆಯವರ ದಯೆ ಅರ್ಜಿದಾರರ ಆದಾಯವಾಗುವುದಿಲ್ಲ, ಮುಂದಿನ ಪ್ರಶ್ನೆ ಕೇಳಿ ಎಂದರು. ಮುಂದಿನ ಪ್ರಶ್ನೆ ಇರಲಿಲ್ಲ.

ಕಟಕಟೆಯಿಂದ ಇಳಿದಾಗ ಕಾಕಾ ತಲೆ ತಗ್ಗಿಸಿದ್ದ. ತಲೆಯ ಟವಲು ಬಿಚ್ಚಿ ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡಿದ್ದ.

ಅದರ ಮುಂದಿನ ತಾರೀಖಿಗೆ ಮಗನೂ ಕಟಕಟೆ ಹತ್ತಿದ. ನನ್ನ ಸಾಕ್ಷಿ ಮುಗಿದಿದ್ದರಿಂದ ಅಂದು ನಾನು ಒಳಗೆ ಕೂತು ಕೇಳಿದೆ. ಲಾರಿಗಳ ಸಾಲದ ಕಂತು ಕಟ್ಟುವುದರಲ್ಲೇ ಎಲ್ಲ ಹೋಗುತ್ತದೆ ಎಂದ. ಅಕ್ಕನೂ ಇದ್ದಾಳಲ್ಲ ಎಂದ. ಅಕ್ಕನ ಸ್ವಂತ ಆದಾಯ ಏನು ಎಂದು ನಮ್ಮ ವಕೀಲರು ಕೇಳಿದಾಗ ಕೂಲಿಗೆ ಹೋಗ್ತಾಳ ಎಂದು ಒಪ್ಪಿಕೊಂಡ.

“ಎರಡು ಲಾರಿಗೆ ಎಷ್ಟು ಮಂದಿ ಡ್ರೈವರು?”

“ಇಬ್ಬರು.”

“ತಿಂಗಳಾ ಪಗಾರ ಕೊಡ್ತೀರಿ?”

“ಕೊಡಲೇಬೇಕಲ್ರಿ. ಇಲ್ಲಂದ್ರ ಲಾರಿ ಯಾರು ಹೊಡೀತಾರ?”

“ಇಬ್ಬರಿಗೂ ತಪ್ಪದೆ?”

“ತಪ್ಪದೆ.”

“ಇವರಿಬ್ಬರಿಗೆ ಎಂದಾದ್ರೂ ಏನಾದ್ರೂ ಕೊಟ್ಟೀರಿ?”

ಅವನು ಬೆಂಚಿನ ಕಡೆ ನೋಡಿದ. “ಕೇಳಿಲ್ಲ ಅವರು,” ಎಂದ. ಚಿಗವ್ವ ಕೂತಲ್ಲಿಂದಲೇ, “ಅಂಗಳದಾಗ ನಿಂತಿದ್ನಲ್ಲೋ ಯಪ್ಪಾ!” ಎಂದಳು. ಜವಾನ ಸುಮ್ಮನಿರುವಂತೆ ಸನ್ನೆ ಮಾಡಿದ.

ಆದೇಶ ಇವರ ಕಡೆಗಾಯಿತು. ಇಬ್ಬರಿಗೂ ಬೇರೆ ಬೇರೆ, ತಿಂಗಳಿಗೆ ಇಷ್ಟೆಂದು, ಅರ್ಜಿ ಹಾಕಿದ ದಿನದಿಂದ. ಕಾಕಾನ ಮಾತಿಗಿಂತ ಡಾಕ್ಟರ ಮತ್ತು ಅಂಗಡಿಯವನ ಮಾತು ನಂಬಲರ್ಹ ಎಂದು ಅದರಲ್ಲಿ ಬರೆದಿತ್ತು. ಮಗ ಮೊದಮೊದಲು ಕಟ್ಟಲಿಲ್ಲ. ಮತ್ತೆ ಅರ್ಜಿ ಹಾಕಿ, ವಾರಂಟು ಹೊರಟ ಮೇಲೆ ಬಂದು ಬಾಕಿಯನ್ನು ಕೋರ್ಟಿನಲ್ಲಿ ಕಟ್ಟಿದ. ಆಮೇಲೆ ಕಂತು ತಪ್ಪಿದ್ದು ನನಗೆ ತಿಳಿದ ಮಟ್ಟಿಗೆ ಇಲ್ಲ. ಚಿಗವ್ವ ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು, ಕೋಣೆ ಬಿಡಬೇಕಾಗಲಿಲ್ಲ. ಕೋರ್ಟಿನಿಂದ ಹಣ ತರಲು ಅವಳು ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಕಾಕಾನ ಪಾಲಿಗೆ ಅವನದೇ ಹೆಬ್ಬೆಟ್ಟು ಬೇಕಾಗಿದ್ದರಿಂದ ಅವನೂ ಹೋಗಲೇಬೇಕಿತ್ತು. ಹೋಗುತ್ತಿದ್ದ, ಒತ್ತುತ್ತಿದ್ದ, ದುಡ್ಡನ್ನು ಮುಟ್ಟದೆ ಹೆಂಡತಿಗೆ ಕೊಡಿ ಎನ್ನುತ್ತಿದ್ದನಂತೆ.

ನನ್ನ ಸಾಕ್ಷಿಯ ಮರುದಿನದಿಂದ ಅವನು ಯಾರ್ಡಿಗೆ ಬರಲಿಲ್ಲ. ಹುಡುಗರು ಕೇಳಿದರು, ನಾನು ಮೈಯಲ್ಲಿ ಹುಷಾರಿಲ್ಲ ಎಂದೆ. ಒಂದು ಅಮಾವಾಸ್ಯೆ, ಯಾರ್ಡಿಗೆ ರಜೆ, ಅಂಗಡಿ ಬಂದ್ ಆಗಿತ್ತು. ಅವನ ಕೋಣೆಗೆ ಹೋದೆ. ಹೊರಗೆ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ಕಂಡು ಎದ್ದು ಚಾಪೆ ಹಾಸಿದ. ಚಿಗವ್ವ ಚಾ ಮಾಡಲು ಒಳಗೆ ಹೋದಳು.

“ಕಾಕಾ, ಸಿಟ್ಟೇನು?”

“ಇಲ್ರಿ.”

“ಮತ್ತ ಯಾಕ ಬರವಲ್ಲಿ?”

“ನೀವು ಸುಳ್ಳು ಹೇಳಿಲ್ಲ, ಸಣ್ಣ ಸಾವ್ಕಾರ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಇಕಿ ಎರಡು ಹೊತ್ತು ಉಣ್ತಾಳ, ಅದೂ ನಿಮ್ಮಿಂದ. ಆದ್ರ ಮಗ ಕೇಳಿಸ್ಕೊಂಡ. ಅವನ ಮುಂದ ಹೇಳಿದ್ರಿ.”

ಚಾ ಬಂತು. ಕಾಕಾ ತನ್ನ ಬಟ್ಟಲಿನಿಂದ ಅರ್ಧ ಬಸಿಗೆ ಸುರಿದು ಊದಿ ಕುಡಿದ. ಇಬ್ಬರೂ ರಸ್ತೆಯ ಕಡೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ:

“ಮೆಕ್ಕಿಜ್ವಾಳದ ಧಾರಣಿ ಏನೈತ್ರಿ ಈಗ?”

ಹೇಳಿದೆ. ಕಡಿಮೆ ಆತು ಎಂದ. ಯಾರ್ಡಿಗೆ ಮಾಲಿನ ಆವಕ ಎಷ್ಟು ಬರುತ್ತಿದೆ, ಯಾವ ಅಂಗಡಿಗೆ ಹೆಚ್ಚು, ಹೊಸ ಹುಡುಗರು ಚೀಲವನ್ನು ಕಿವಿ ಹಿಡಿದು ಎಳೆಯುತ್ತಾರೋ ಬೆನ್ನಿಗೆ ಹಾಕುತ್ತಾರೋ ಎಂದು ಒಂದೊಂದೇ ಕೇಳುತ್ತಾ ಹೋದ. ಕತ್ತಲಾಗುವವರೆಗೂ ನಾನು ಹೇಳುತ್ತಾ ಕೂತೆ. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೂ ಹೋಗಿ ಯಾರ್ಡಿನ ಸುದ್ದಿ ಒಪ್ಪಿಸಿ ಬರುವುದು ರೂಢಿಯಾಯಿತು. ಅವನು ಇರುವವರೆಗೂ ಹೋದೆ.